ತಲೆ ಎಷ್ಟು ಅಂತ ಗೊತ್ತಾಗದೆ ಅಕ್ಕಿ ನೆನೆಹಾಕೋದು ಹೇಗೆ? ಬುಕಿಂಗ್ ಸೈಟಿನವರಿಗೆ ಒಂದು ಬಹಿರಂಗ ಪತ್ರ

ಬುಕಿಂಗ್ ಸೈಟು, ಆಪು ನಡೆಸುವ ಎಲ್ಲರಿಗೂ ನಮಸ್ಕಾರ.

ನಾನು ಮೂಡಿಗೆರೆ ಕಡೆಯವಳು. ಕಾಫಿ ತೋಟದ ನಡುವೆ ನಮ್ಮದೊಂದು ಹಳೇ ಹೆಂಚಿನ ಮನೆ. ಅದರಲ್ಲಿ ಮೂರು ರೂಮನ್ನು ಬಂದವರಿಗೆ ಬಿಟ್ಟು, ಉಳಿದ ಕಡೆ ನಾನು, ನಮ್ಮ ಮನೆಯವರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗ ಇದ್ದೇವೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪೊಲೀಸರ ಎನ್‌ಒಸಿ, ಊಟ ಕೊಡುವುದಕ್ಕೆ ಆಹಾರ ಸುರಕ್ಷತಾ ಇಲಾಖೆಯ ರಿಜಿಸ್ಟ್ರೇಶನ್, ಎಲ್ಲವೂ ಇದೆ. ಲಿಸ್ಟಿಂಗ್ ಮಾಡುವಾಗ ನಿಮಗೂ ಒಂದೊಂದಾಗಿ ಅಪ್‌ಲೋಡ್ ಮಾಡಿ ಕೊಟ್ಟಿದ್ದೇನೆ. ಅಡುಗೆಯವರು, ರಿಸೆಪ್ಷನಿಸ್ಟ್, ಮ್ಯಾನೇಜರ್ ಅಂತ ಯಾರೂ ಇಲ್ಲ. ಅಡುಗೆ ಅತ್ತೆ ಮತ್ತೆ ನಾನು. ಮ್ಯಾನೇಜರೂ ನಾನೇ. ಬೆಡ್‌ಶೀಟ್ ತೊಳೆಯುವುದಕ್ಕೆ, ರೂಮ್ ಗುಡಿಸುವುದಕ್ಕೆ ತೋಟದ ಕೆಲಸದವರ ಲೈನ್ ಮನೆಯಿಂದ ಒಬ್ಬರು ಬರುತ್ತಾರೆ, ಕೊಯ್ಲು ಶುರುವಾದರೆ ಅವರೂ ತೋಟಕ್ಕೆ ಹೋಗುತ್ತಾರೆ.

ಬಹಿರಂಗ ಪತ್ರ ಯಾಕೆ ಅಂದರೆ, ನಿಮ್ಮ ಸಹಾಯವಾಣಿಗೆ ಬರೆದು ಬರೆದು ಸಾಕಾಗಿದೆ. ಏನೇ ಕೇಳಿದರೂ ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅನ್ನುವ ಒಂದೇ ಉತ್ತರ ಬರುತ್ತದೆ. ಇದನ್ನು ಯಾವುದೋ ಒಂದು ಸೈಟಿನ ಮೇಲೆ ಸಿಟ್ಟಿಗೆ ಬರೆಯುತ್ತಿಲ್ಲ. ನಾನಿರುವ ಎರಡೂ ಸೈಟಿನಲ್ಲಿ ಇದೇ ಕಥೆ, ಅಕ್ಕಪಕ್ಕದ ಹೋಂಸ್ಟೇಯವರು ಹೇಳುವುದೂ ಇದನ್ನೇ. ನಿಮ್ಮಿಂದ ಉಪಕಾರ ಆಗಿಲ್ಲ ಅಂತಲೂ ಹೇಳುವುದಿಲ್ಲ. ಜುಲೈ ತಿಂಗಳ ಮಂಗಳವಾರ, ಬುಧವಾರ, ಹೊರಗೆ ಮಳೆ ಧೋ ಅಂತ ಸುರಿಯುವಾಗ ಯಾರಾದರೂ ಇಬ್ಬರು ಬಂದು ಉಳಿದರೆ ಅದು ನಿಮ್ಮ ಆಪ್‌ನಿಂದಲೇ. ಅದನ್ನು ಒಪ್ಪುತ್ತೇನೆ.

ನಮ್ಮ ತಕರಾರು ಒಂದೇ. ನೀವು ಎಣಿಸುವುದು ರೂಮು, ನಾವು ಎಣಿಸುವುದು ತಲೆ.

ಮಲೆನಾಡಿನ ಹೋಂಸ್ಟೇಗೆ ಫೋನ್ ಮಾಡಿದವರು ಕೇಳುವ ಮೊದಲ ಮಾತು "ತಲೆಗೆ ಎಷ್ಟು?" ಅಂತ. ನಮ್ಮಲ್ಲಿ ತಲೆಗೆ 1,800 ರೂಪಾಯಿ. ಸಂಜೆ ಕಾಫಿ ಬಜ್ಜಿ, ರಾತ್ರಿ ಊಟ, ಬೆಳಿಗ್ಗೆ ತಿಂಡಿ, ಮಲಗುವ ಜಾಗ ಎಲ್ಲ ಸೇರಿ. ಐದು ವರ್ಷದೊಳಗಿನ ಮಗುವಿಗೆ ದುಡ್ಡಿಲ್ಲ, ಹನ್ನೆರಡರವರೆಗೆ ಅರ್ಧ. ಇಷ್ಟೇ ಲೆಕ್ಕ, ಫೋನಿನಲ್ಲಿ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಯಾಕೆ ಹೀಗೆ ಅಂದರೆ ಖರ್ಚೂ ತಲೆ ಮೇಲೇ ಬರುತ್ತದೆ. ರೂಮ್ ಅಂತೂ ಕಟ್ಟಿ ಆಗಿದೆ, ಅದು ಖಾಲಿ ಇದ್ದರೂ ಅಷ್ಟೇ, ಇಬ್ಬರು ಮಲಗಿದರೂ ಅಷ್ಟೇ. ಕೋಳಿ, ಅಕ್ಕಿ, ತೆಂಗಿನಕಾಯಿ, ಹಾಲು, ಬಿಸಿನೀರು, ಟವೆಲ್ಲು ಇವೆಲ್ಲ ಜನ ಹೆಚ್ಚಾದ ಹಾಗೆ ಹೆಚ್ಚುತ್ತವೆ.

ನಿಮ್ಮ ಫಾರ್ಮ್ ತೆರೆದರೆ ಮೊದಲು ಕೇಳುವುದು ರೂಮ್ ಎಷ್ಟು, ಮಂಚ ಯಾವ ಸೈಜು, ಒಂದು ರೂಮಿಗೆ ಎಷ್ಟು ರೇಟು ಅಂತ. ಆಮೇಲೆ ಪ್ಲಾನ್ ಆರಿಸಬೇಕು. ಇಪಿ ಅಂದರೆ ಬರೀ ರೂಮು, ಸಿಪಿ ಅಂದರೆ ತಿಂಡಿ ಸೇರಿ, ಎಂಎಪಿ ಅಂದರೆ ತಿಂಡಿ ಜೊತೆ ಒಂದು ಊಟ, ಎಪಿ ಅಂದರೆ ಎಲ್ಲ ಊಟ. ಇದು ಹೋಟೆಲಿನವರ ಭಾಷೆ, ನಾನು ಕಲಿಯುವುದಕ್ಕೆ ಒಂದು ವಾರ ಹಿಡಿಯಿತು. ನಮ್ಮದು ಎಂಎಪಿ ಅಂತ ಗೊತ್ತಾಯಿತು. ತಲೆಗೆ 1,800 ಅಂತ ಬರೆಯುವ ಜಾಗ ಸಿಗಲಿಲ್ಲ. ಹಾಗಾಗಿ ಇಬ್ಬರ ಲೆಕ್ಕ ಹಿಡಿದು ರೂಮಿಗೆ 3,600 ಅಂತ ಹಾಕಿದೆ. ಮಕ್ಕಳ ವಿಷಯ ಇನ್ನೊಂದು ಪುಟದಲ್ಲಿ ಇತ್ತು. ಅಲ್ಲಿ ಮಕ್ಕಳಿಗೆ ಉಚಿತ ಅಂತ ನೀವೇ ಮೊದಲೇ ಟಿಕ್ ಹಾಕಿಟ್ಟಿದ್ದೀರಿ. ವಯಸ್ಸು ಎಷ್ಟರವರೆಗೆ ಅಂತ ಇಳಿಸಬೇಕಾದರೆ ಮತ್ತೊಂದು ಬಟನ್ ಒತ್ತಿ ಒಳಗೆ ಹೋಗಬೇಕು. ನಾನು ಹೋಗಲಿಲ್ಲ. ತಪ್ಪು ನನ್ನದೇ ಇರಬಹುದು, ಆದರೆ ಆ ಟಿಕ್ ಹಾಕಿದವಳು ನಾನಲ್ಲ.

ಇದರ ಫಲ ಹೋದ ಅಕ್ಟೋಬರ್ ತಿಂಗಳ ಒಂದು ಶನಿವಾರ ಸಿಕ್ಕಿತು.

ಎರಡು ರೂಮಿಗೆ ನಾಲ್ಕು ಜನ ಹುಡುಗರು ಫೋನಿನಲ್ಲೇ ಹೇಳಿ ಬಂದಿದ್ದರು. ಮೂರನೇ ರೂಮಿಗೆ ಶುಕ್ರವಾರ ರಾತ್ರಿ 10.40ಕ್ಕೆ ನಿಮ್ಮ ಆಪ್‌ನಿಂದ ಟಣ್ ಅಂತು. ಇಬ್ಬರು ದೊಡ್ಡವರು, ಒಂದು ಮಗು. ಮಗು ಎಷ್ಟು ವರ್ಷದ್ದು ಅಂತ ಇಲ್ಲ. ಒಬ್ಬರದೇ ಹೆಸರು, ಒಂದು ಫೋನ್ ನಂಬರು. ಬೆಳಿಗ್ಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ದಾರಿ, ಊಟ ಸಸ್ಯಾಹಾರವೋ ಮಾಂಸಾಹಾರವೋ ಎಲ್ಲ ಕೇಳಿ ಹಾಕಿದೆ. ಒಂದೇ ಟಿಕ್ ಬಂತು.

ನಮ್ಮ ಮನೆಗೆ ಸಂಜೆ 7.30ರೊಳಗೆ ಬನ್ನಿ ಅಂತ ಲಿಸ್ಟಿಂಗ್‌ನಲ್ಲಿ ಬರೆದಿದ್ದೇನೆ. ಇದು ನಮ್ಮ ಸೌಕರ್ಯಕ್ಕೆ ಮಾಡಿದ ರೂಲ್ಸ್ ಅಲ್ಲ. ಮೂಡಿಗೆರೆ, ಸಕಲೇಶಪುರ ಕಡೆ ಆನೆ ಕಾಟ ಎಷ್ಟಿದೆ ಅಂತ ಪೇಪರ್ ಓದುವವರಿಗೆ ಗೊತ್ತು. ಮೇನ್ ರೋಡಿನಿಂದ ನಮ್ಮ ಮನೆಗೆ ಎರಡು ಕಿಲೋಮೀಟರ್ ತೋಟದ ದಾರಿ, ಲೈಟಿಲ್ಲ, ನೆಟ್‌ವರ್ಕ್ ಇಲ್ಲ. ಕತ್ತಲಾದ ಮೇಲೆ ಹೊಸಬರು ಆ ದಾರಿಯಲ್ಲಿ ಕಾರು ನಿಲ್ಲಿಸಿಕೊಂಡು ದಾರಿ ಹುಡುಕುವುದು ಬೇಡ ಅಂತ ಅಷ್ಟೇ. ಆದರೆ ನೀವು ಅದನ್ನು ಪುಟದ ಕೊನೆಯಲ್ಲಿ, 'ಇನ್ನಷ್ಟು ಓದಿ' ಅಂತ ಒತ್ತಿದರೆ ಮಾತ್ರ ಕಾಣುವ ಜಾಗದಲ್ಲಿ ಇಟ್ಟಿದ್ದೀರಿ. ಅವರ ಕೈಗೆ ಹೋಗುವ ವೋಚರ್‌ನಲ್ಲಿ ಚೆಕ್-ಇನ್ ಮಧ್ಯಾಹ್ನ 1ರಿಂದ ಅಂತ ಮಾತ್ರ ಇದೆ. ಎಷ್ಟರೊಳಗೆ ಅಂತ ಇಲ್ಲವೇ ಇಲ್ಲ.

ಅವರು ಬೇಲೂರಿನಲ್ಲಿ ದೇವಸ್ಥಾನ ನೋಡಿಕೊಂಡು, ಊಟ ಮಾಡಿಕೊಂಡು, ನಿಧಾನಕ್ಕೆ ಹೊರಟು, ಪಕ್ಕದ ಎಸ್ಟೇಟಿನ ಗೇಟಿನ ಮುಂದೆ ನಿಂತಾಗ ರಾತ್ರಿ 9.10. ಆ ಗೇಟಿನ ವಾಚ್‌ಮನ್ ಬಂದು ಹೇಳಿದ ಮೇಲೆ ನಮ್ಮ ಮನೆಯವರು ಜೀಪ್ ತಗೊಂಡು ಹೋಗಿ ಕರೆತಂದರು. ಇಲ್ಲಿ ನನ್ನಂಥ ಹೊಸ ಹೋಂಸ್ಟೇಯವರಿಗೆ ಒಂದು ಮಾತು. ಮ್ಯಾಪ್‌ನಲ್ಲಿ ಪಿನ್ ಹಾಕುವಾಗ ಎಲ್ಲರೂ ಮನೆಯ ಹೆಂಚಿನ ಮೇಲೆ ಹಾಕುತ್ತೇವೆ. ಹಾಗೆ ಹಾಕಿದರೆ ಮ್ಯಾಪ್ ಮನೆಗೆ ಹತ್ತಿರ ಆಗುವ ಯಾವುದೋ ತೋಟದ ರಸ್ತೆ ಹಿಡಿಸುತ್ತದೆ, ಅದು ಬೇರೆಯವರ ಬೀಗ ಹಾಕಿದ ಗೇಟಿನ ಮುಂದೆ ಮುಗಿಯುತ್ತದೆ. ಪಿನ್ನನ್ನು ನಮ್ಮ ಗೇಟು ಮೇನ್ ರೋಡಿಗೆ ಸೇರುವ ಜಾಗಕ್ಕೆ ಎಳೆದು ಹಾಕಬೇಕು. ನಾನು ಆ ರಾತ್ರಿ ಆದಮೇಲೆ ಹಾಕಿದೆ.

ಕಾರಿನಿಂದ ಇಳಿದವರು ಐದು ಜನ. ಗಂಡ, ಹೆಂಡತಿ, ಹದಿಮೂರು ವರ್ಷದ ಹುಡುಗ, ಒಂಬತ್ತು ವರ್ಷದ ಹುಡುಗಿ, ಮತ್ತೆ ಮಂಡಿ ನೋವಿನ ಅಜ್ಜಿ.

"ಮೂರು ಜನ ಅಂತ ಬಂದಿತ್ತಲ್ಲ ಸಾರ್?" ಅಂದೆ.

"ಮಕ್ಕಳಿಗೆ ಫ್ರೀ ಅಂತ ಆಪ್‌ನಲ್ಲೇ ಇತ್ತು ಮೇಡಂ. ಅಮ್ಮ ಲಾಸ್ಟ್ ಮಿನಿಟ್‌ನಲ್ಲಿ ಹೊರಟರು, ಅವರು ತಿನ್ನೋದೇ ಒಂದು ಚಪಾತಿ."

ಅವರು ಮೋಸ ಮಾಡುವ ಜನ ಅಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೋಟೆಲಿನಲ್ಲಿ ಹೀಗೆ ನಡೆಯುತ್ತದೆ, ಒಂದು ಎಕ್ಸ್‌ಟ್ರಾ ಬೆಡ್ ಹಾಕಿಸಿಕೊಂಡು ಒಂದು ಸಾವಿರ ಕೊಟ್ಟರೆ ಮುಗಿಯಿತು. ನಮ್ಮಲ್ಲಿ ಅಡುಗೆ ಮನೆಯಲ್ಲಿ ಆಗಲೇ ಕೋಳಿ ಸಾರು ಏಳು ಜನ ಅತಿಥಿಗಳ ಲೆಕ್ಕದಲ್ಲಿ ಇಳಿದಿತ್ತು. ಹುಡುಗರದ್ದು ಅರ್ಧ ಊಟ ಆಗಿತ್ತು. ಮನೆಯವರ ಪಾಲನ್ನು ಮೇಜಿಗೆ ಕಳಿಸಿ ನಾವು ಉಪ್ಪಿನಕಾಯಿ, ಮೊಸರಿನಲ್ಲಿ ಊಟ ಮುಗಿಸಿದೆವು. ಕೆಳಗೆ ಹಾಸಿಗೆ ಹಾಕಿದರೆ ಅಜ್ಜಿಗೆ ಕೂತಮೇಲೆ ಏಳುವುದಕ್ಕೆ ಆಗಲ್ಲ. ಅತ್ತೆ ತಮ್ಮ ಮಂಚ ಬಿಟ್ಟುಕೊಟ್ಟು ಪಕ್ಕದಲ್ಲೇ ಚಾಪೆ ಹಾಕಿಕೊಂಡರು. ಇಬ್ಬರೂ ಹನ್ನೊಂದೂವರೆವರೆಗೆ ಮಾತಾಡುತ್ತಿದ್ದರು. ಅಜ್ಜಿ ತವರುಮನೆ ಕಳಸದ ಹತ್ತಿರವಂತೆ, ಅತ್ತೆಗೆ ಯಾರೋ ಪರಿಚಯದವರೂ ಸಿಕ್ಕರು. ಅದು ಬೇರೆ ವಿಷಯ ಬಿಡಿ.

ಮಲಗುವ ಮೊದಲು ರಿಜಿಸ್ಟರ್. ಬಂದ ಎಲ್ಲರ ಹೆಸರು, ವಿಳಾಸ, ಫೋನು, ಗಾಡಿ ನಂಬರು, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಬಂದ ಹೊತ್ತು ಎಲ್ಲ ಬರೆದು ಸಹಿ ಹಾಕಿಸಬೇಕು, ದೊಡ್ಡವರ ಗುರುತಿನ ಚೀಟಿ ನೋಡಬೇಕು. ಪೊಲೀಸರು ಬಂದಾಗ ಮೊದಲು ಕೇಳುವುದು ಇದೇ ಪುಸ್ತಕ. ವಿದೇಶದವರು ಬಂದರಂತೂ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು, ನಾವೆಲ್ಲ ಸಿ ಫಾರ್ಮ್ ಅನ್ನುವುದು ಅದಕ್ಕೇ. ನೀವು ಒಬ್ಬರ ಹೆಸರು ಮಾತ್ರ ಕೊಟ್ಟರೆ ಉಳಿದ ನಾಲ್ಕು ಜನರನ್ನು ಆರು ಗಂಟೆ ಕಾರಿನಲ್ಲಿ ಕೂತು ಬಂದ ಸುಸ್ತಿನಲ್ಲಿ, ರಾತ್ರಿ ಹತ್ತಕ್ಕೆ ನಾನು ಆಧಾರ್ ಕೊಡಿ ಅಂತ ಕೇಳಬೇಕು. "ಆನ್‌ಲೈನ್‌ನಲ್ಲಿ ಎಲ್ಲ ಕೊಟ್ಟಿದ್ದೀವಲ್ಲ?" ಅಂತ ಅವರಿಗೆ ಬೇಜಾರು. ಈಗ ನಾನು ಬುಕಿಂಗ್ ಬಂದ ಕೂಡಲೇ ಎಲ್ಲರ ಹೆಸರು, ವಯಸ್ಸು ವಾಟ್ಸಾಪ್‌ನಲ್ಲೇ ಕೇಳಿ ಮೊದಲೇ ಬರೆದಿಡುತ್ತೇನೆ. ಆಧಾರ್ ಕಳಿಸುವವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ ಅನ್ನುತ್ತೇನೆ. ಬಂದಾಗ ಸಹಿ ಒಂದೇ ಬಾಕಿ ಇರುತ್ತದೆ.

ಇನ್ನು ಬೆಳಗಿನ ತಿಂಡಿ. ನಿಮ್ಮ ಫಾರ್ಮ್‌ನಲ್ಲಿ ಇದು 'ಬ್ರೇಕ್‌ಫಾಸ್ಟ್ ಸೇರಿದೆ' ಅನ್ನುವ ಒಂದು ಟಿಕ್. ಆ ಟಿಕ್ಕಿನ ಹಿಂದೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ, ಕೇಳಿ.

ಮರುದಿನ ನೀರುದೋಸೆ ಅಂತ ತೀರ್ಮಾನ ಆಗಿತ್ತು. ಕೊಟ್ಟಿಗೆಹಾರದ ನೀರುದೋಸೆ ತಿಂದು ಬಂದವರು ಇಲ್ಲೂ ಅದನ್ನೇ ಕೇಳುತ್ತಾರೆ. ನಮ್ಮ ಲೋಟದ ಅಳತೆಯಲ್ಲಿ ಒಂದು ಲೋಟ ಅಕ್ಕಿಗೆ ಹತ್ತು ದೋಸೆ ಮೇಲೆ ಬರುತ್ತದೆ. ತಲೆಗೆ ಐದು ಅಂತ ಹಿಡಿದರೆ ಇಬ್ಬರಿಗೆ ಒಂದು ಲೋಟ. ಏಳು ಅತಿಥಿ, ನಾಲ್ಕು ಮನೆಯವರು, ಆರು ಲೋಟ ಅಕ್ಕಿ ಸಂಜೆಯೇ ನೆನೆದಿತ್ತು. ಜಾಸ್ತಿ ಬಂದವರಿಗೆ ಇನ್ನೊಂದು ಲೋಟ ರಾತ್ರಿ ಹತ್ತಕ್ಕೂ ನೆನೆಹಾಕಬಹುದು, ನಾಲ್ಕೈದು ಗಂಟೆ ನೆನೆದರೆ ಸಾಕು. ಕಷ್ಟ ಇರುವುದು ಕಾವಲಿ ಮುಂದೆ. ನೀರುದೋಸೆ ಹಿಟ್ಟು ಮಜ್ಜಿಗೆ ಹಾಗೆ ತೆಳ್ಳಗಿರುತ್ತದೆ, ಅಕ್ಕಿ ತಳಕ್ಕೆ ಕೂರುತ್ತದೆ, ಅದಕ್ಕೇ ಪ್ರತಿ ಸಲವೂ ತಳದಿಂದ ಕಲಕಿ ಎತ್ತಬೇಕು. ಚೆನ್ನಾಗಿ ಕಾದ ಕಾವಲಿಗೆ ಅಂಚಿನಿಂದ ಸುರಿಯುತ್ತಾ ಬರಬೇಕು, ಸೌಟಿನಲ್ಲಿ ಸವರುವ ಹಾಗಿಲ್ಲ. ಮುಚ್ಚಿ ಬೇಯಿಸಿ, ಮಡಚಿ, ಬಾಳೆಲೆ ಮೇಲೆ ಆರಲು ಬಿಡಬೇಕು. ಬಿಸಿಬಿಸಿ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಒಂದು ದೋಸೆಗೆ ಒಂದೂವರೆ ನಿಮಿಷ ಅಂದರೂ ಅರವತ್ತು ದೋಸೆಗೆ ಒಂದೂವರೆ ಗಂಟೆ. ಎರಡು ಕಾವಲಿ ಇಟ್ಟರೆ ಮುಕ್ಕಾಲು ಗಂಟೆ, ಆದರೆ ಚಟ್ನಿ, ಕಾಫಿ, ಬಡಿಸುವುದು ಎಲ್ಲ ಒಬ್ಬಳೇ ನೋಡಬೇಕು. ಹುಡುಗರಿಗೆ ಏಳೂವರೆಗೆ ತಿಂಡಿ ಬೇಕಿತ್ತು, ಮಂಜು ಕರಗುವ ಮೊದಲು ದೇವರಮನೆ ಗುಡ್ಡ ನೋಡಬೇಕಂತೆ.

ಅತ್ತೆ ಅಕ್ಕಿ ಹೆಚ್ಚಿಸಲಿಲ್ಲ. "ಕಡುಬು ಇಡೋಣ" ಅಂದರು. ಮನೆಯಲ್ಲಿ ಅಕ್ಕಿ ತರಿ ಯಾವಾಗಲೂ ಇರುತ್ತದೆ. ತರಿಯನ್ನು ನೀರಿನಲ್ಲಿ ಉಪ್ಪು ಹಾಕಿ ಬೇಯಿಸಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಒಂದೇ ಸಲಕ್ಕೆ ಮೂವತ್ತು ಕಡುಬು ಇಳಿಯುತ್ತದೆ, ಪಾತ್ರೆಯಲ್ಲೇ ಮುಚ್ಚಿಟ್ಟರೆ ಒಂದು ಗಂಟೆ ಬಿಸಿ ಇರುತ್ತದೆ. ಎಷ್ಟು ಜನ ಅಂತ ಗೊತ್ತಿಲ್ಲದ ದಿನ ನಮ್ಮನ್ನು ಕಾಪಾಡುವುದು ಕಡುಬೇ. ಹುಡುಗರಿಗೆ ದೋಸೆ ಆಯಿತು, ಆ ಮನೆಯವರಿಗೆ ಎರಡೆರಡು ದೋಸೆ, ಉಳಿದದ್ದು ಕಡುಬು. ಅಜ್ಜಿ ನಾಲ್ಕು ಕಡುಬು ತಿಂದರು. ಒಂದು ಚಪಾತಿ ಅಂದಿದ್ದರಲ್ಲ ಮಗ, ನನಗೆ ಒಳಗೊಳಗೇ ನಗು.

ಈಗ ದುಡ್ಡಿನ ವಿಷಯ. ಇದನ್ನು ಆ ಅತಿಥಿಗಳೂ ಓದಲಿ ಅಂತ ಬಿಡಿಸಿ ಬರೆಯುತ್ತೇನೆ.

ನಾನು ಹಾಕಿದ ರೇಟು 3,600. ಸೀಸನ್ ಡಿಸ್ಕೌಂಟ್ ಶೇಕಡ 10 ಅಂತ ನೀವು ಕೇಳಿದಿರಿ, ಒಪ್ಪಿದ್ದೆ. 3,240 ಆಯಿತು. ಮೊಬೈಲಿನಲ್ಲಿ ಬುಕ್ ಮಾಡುವವರಿಗೆ ಇನ್ನೊಂದು 10 ಅಂತ ಬೇರೆ ತಿಂಗಳು ಕೇಳಿದ್ದಿರಿ, ಅದಕ್ಕೂ ಒತ್ತಿದ್ದೆ. ಎರಡೂ ಒಂದರ ಮೇಲೊಂದು ಕೂರುತ್ತವೆ ಅಂತ ಗೊತ್ತಿರಲಿಲ್ಲ. 2,916ಕ್ಕೆ ಇಳಿಯಿತು. ಅದರ ಮೇಲೆ ನಿಮ್ಮ ಕಮಿಷನ್ ಶೇಕಡ 18, ಅಂದರೆ 525. ಕಮಿಷನ್ ಮೇಲೆ ಜಿಎಸ್‌ಟಿ ಶೇಕಡ 18, ಅದು 94. ಟಿಡಿಎಸ್ ಅಂತ ಎರಡು ಮೂರು ರೂಪಾಯಿ. ನಮ್ಮ ಖಾತೆಗೆ ಬಂದದ್ದು 2,294. ಅವರು ಕಟ್ಟಿದ್ದು ಶೇಕಡ 5 ಜಿಎಸ್‌ಟಿ ಸೇರಿ 3,062. ಆ ಜಿಎಸ್‌ಟಿ ನಮಗೆ ಬರುವುದಲ್ಲ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇದ್ದು ನೋಂದಣಿ ಇಲ್ಲದ ನಮ್ಮಂಥವರ ರೂಮಿಗೆ ಸೈಟಿನವರೇ ಅದನ್ನು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕು. 7,500ರವರೆಗಿನ ರೂಮಿಗೆ ಅದು 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ, ಅಷ್ಟು ಒಳ್ಳೆಯದಾಯಿತು.

ಅದೇ ಐದು ಜನ ಫೋನಿನಲ್ಲಿ ಬಂದಿದ್ದರೆ? ದೊಡ್ಡವರು ಮೂವರು, ಹದಿಮೂರರ ಹುಡುಗನಿಗೂ ಪೂರ್ತಿ, ಹುಡುಗಿಗೆ ಅರ್ಧ, ಒಟ್ಟು 8,100. ಅಷ್ಟೂ ಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಐದು ಜನಕ್ಕೆ ಒಂದೇ ರೂಮು ಕೊಟ್ಟಿದ್ದೆ, ನಾನೂ ಸ್ವಲ್ಪ ಬಿಡುತ್ತಿದ್ದೆ. ಆದರೆ 2,294ರಲ್ಲಿ ಐದು ಜನರ ಸಂಜೆ, ರಾತ್ರಿ, ಬೆಳಿಗ್ಗೆಯ ಸಾಮಾನು ಕಳೆದರೆ ಬೆಡ್‌ಶೀಟ್ ತೊಳೆದವರ ಕೂಲಿಗೂ ಉಳಿಯುವುದು ಕಷ್ಟ. ಹೊರಡುವಾಗ ಅಜ್ಜಿ ಮತ್ತೆ ದೊಡ್ಡ ಹುಡುಗನ ಊಟಕ್ಕೆ ಅಂತ 1,500 ಕೇಳಿದೆ. ಕೊಟ್ಟರು. ಸೋಮವಾರ ರಿವ್ಯೂ ಬಂತು. ಮೂರು ಸ್ಟಾರ್. ಊಟ ಚೆನ್ನಾಗಿದೆ, ಮನೆಯವರು ಒಳ್ಳೆಯವರು, ಆದರೆ ಹಿಡನ್ ಚಾರ್ಜಸ್ ಇದೆ, ಹುಷಾರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆನೇನೋ, ಆಪ್‌ನಲ್ಲಿ ಫ್ರೀ ಅಂತ ಕಂಡಿದ್ದಕ್ಕೆ ಮನೆಯಲ್ಲಿ ದುಡ್ಡು ಕೇಳಿದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ ಅಲ್ವಾ?

ಇದರಲ್ಲಿ ನನಗೆ ಜಾಸ್ತಿ ಚುಚ್ಚುವುದು ಒಂದು. ಊಟ ಸೇರಿಸಿ ರೇಟು ಹಾಕಿದರೆ ನಿಮ್ಮ ಕಮಿಷನ್ ಊಟದ ಮೇಲೂ ಬೀಳುತ್ತದೆ. ರೂಮ್ ತುಂಬಿಸಿಕೊಟ್ಟದ್ದಕ್ಕೆ ಕಮಿಷನ್ ಸರಿ. ಕೋಳಿ ಸಾರಿಗೆ ಯಾಕೆ? ಇದಕ್ಕೇ ನಮ್ಮ ಕಡೆ ಎಷ್ಟೋ ಜನ ಸೈಟಿನಲ್ಲಿ ಬರೀ ತಿಂಡಿ ಸೇರಿ ಅಂತ ಹಾಕಿ, ರಾತ್ರಿ ಊಟಕ್ಕೆ ಬಂದ ಮೇಲೆ ಬೇರೆ ದುಡ್ಡು ತಗೊಳ್ಳುತ್ತಾರೆ. ಅತಿಥಿಗೆ ಮತ್ತೆ ಅದೇ ಹಿಡನ್ ಚಾರ್ಜ್. ನಾನೂ ಈಗ ಹಾಗೇ ಮಾಡಿದ್ದೇನೆ, ಆದರೆ ಊಟದ ರೇಟನ್ನು ಮೊದಲನೇ ಫೋಟೋದ ಮೇಲೇ ಬರೆದು ಹಾಕಿದ್ದೇನೆ. ವಿವರಣೆ ಯಾರೂ ಓದುವುದಿಲ್ಲ, ಫೋಟೋ ಎಲ್ಲರೂ ನೋಡುತ್ತಾರೆ.

ಕ್ಯಾಲೆಂಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಸೈಟಿನ ಕ್ಯಾಲೆಂಡರ್ ಲಿಂಕ್ ಮಾಡಿದರೂ ಒಂದರಲ್ಲಿ ತುಂಬಿದ್ದು ಇನ್ನೊಂದಕ್ಕೆ ಗೊತ್ತಾಗಲು ಕೆಲವು ಗಂಟೆ ಹಿಡಿಯುತ್ತದೆ. ಸಾಲು ರಜೆ ಇದ್ದಾಗ ಆ ಗಂಟೆಗಳಲ್ಲೇ ಒಂದು ರೂಮಿಗೆ ಎರಡು ಮನೆಯವರು ಬುಕ್ ಮಾಡಿರುತ್ತಾರೆ. ನಮಗೂ ಒಮ್ಮೆ ಆಯಿತು, ಒಂದು ಮನೆಯವರನ್ನು ಪಕ್ಕದ ಹೋಂಸ್ಟೇಗೆ ಕಳಿಸಿ, ಹೆಚ್ಚಿನ ದುಡ್ಡು ನಾವೇ ಕಟ್ಟಿದೆವು. ಆಮೇಲೆ ಸಾಲು ರಜೆಯ ವಾರ ಎರಡು ರೂಮನ್ನು ಎಲ್ಲ ಸೈಟಿನಲ್ಲೂ ಮುಚ್ಚಿಬಿಡುತ್ತೇನೆ. ಫೋನಿನಲ್ಲೇ ತುಂಬುತ್ತದೆ.

ಹಾಗಾದರೆ ನಿಮ್ಮಿಂದ ನನಗೆ ಏನು ಬೇಕು? ಬುಕ್ ಮಾಡುವವರು ದುಡ್ಡು ಕಟ್ಟುವ ಮೊದಲು ಎಷ್ಟು ಜನ, ಮಕ್ಕಳಿಗೆ ಎಷ್ಟು ವರ್ಷ ಅಂತ ತುಂಬಲೇಬೇಕು ಅಂತ ಮಾಡಿ. ಹೋಂಸ್ಟೇ ಅಂತ ಆರಿಸಿದವರಿಗೆ ತಲೆ ಲೆಕ್ಕದ ರೇಟು ಹಾಕುವ ಒಂದು ಜಾಗ ಕೊಡಿ, ಊಟವನ್ನು ಬೇರೆ ಸಾಲಿನಲ್ಲಿ ಬರೆಯಲು ಬಿಡಿ, ಆ ಸಾಲಿಗೆ ಕಮಿಷನ್ ಬೇಡ. ಮಕ್ಕಳಿಗೆ ಉಚಿತ ಅನ್ನುವ ಟಿಕ್ ನಾವೇ ಹಾಕುತ್ತೇವೆ, ನೀವು ಹಾಕಿಡಬೇಡಿ. ಡಿಸ್ಕೌಂಟ್ ಒಪ್ಪಿಕೊಳ್ಳಿ ಅಂತ ಕೇಳುವಾಗ, ಮೊದಲು ಒಪ್ಪಿದ್ದೆಲ್ಲ ಸೇರಿ ಕೊನೆಗೆ ಕೈಗೆ ಎಷ್ಟು ಬರುತ್ತದೆ ಅನ್ನುವ ಒಂದು ಅಂಕಿ ಆ ಬಟನ್ ಪಕ್ಕದಲ್ಲೇ ತೋರಿಸಿ. ಮತ್ತೆ ಆ 7.30 ಅನ್ನುವುದನ್ನು ವೋಚರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಆನೆ ಅಂತಲೂ ಬರೆಯಿರಿ, ಆಗ ಬೇಲೂರಿನಿಂದ ಬೇಗ ಹೊರಡುತ್ತಾರೆ.

ಇದನ್ನು ಬರೆಯುತ್ತಾ ಕೂತಿರುವಾಗ ಗಂಟೆ ರಾತ್ರಿ 8.20. ನಾಳೆಗೆ ನಿಮ್ಮದೇ ಆಪ್‌ನಿಂದ ಒಂದು ಬುಕಿಂಗ್ ಇದೆ, ಇಬ್ಬರು ದೊಡ್ಡವರು, ಎರಡು ಮಕ್ಕಳು, ವಯಸ್ಸು ಇಲ್ಲ. ಮೂರು ಸಲ ಫೋನ್ ಮಾಡಿದೆ, ಎತ್ತಿಲ್ಲ. "ಕೋಳಿ ಎಷ್ಟು ಹೇಳಲಿ?" ಅಂತ ನಮ್ಮ ಮನೆಯವರು ಪೇಟೆಯಿಂದ ಕೇಳುತ್ತಿದ್ದಾರೆ.

ಇತಿ,
ಮೂಡಿಗೆರೆ ಕಡೆಯ ಮೂರು ರೂಮಿನ ಮನೆಯವಳು